ತೊಳೆದ ನೀರು

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಕನ್ನಡ ಮೇಡಂ ಅನ್ನುತ್ತಾರೆ. ಮನೆಯಲ್ಲಿ ಅಕ್ಕ ಮಾತ್ರ ತಿದ್ದಮ್ಮ ಅನ್ನುತ್ತಿದ್ದಳು. ಬಸ್ಸಿನ ಟಿಕೆಟ್ಟಿನಲ್ಲಿ ಒತ್ತಕ್ಷರ ತಪ್ಪಿದ್ದರೂ ಪೆನ್ನು ತೆಗೆಯುವ ಜಾತಿ ನಾನು. ಔಷಧಿ ಅಂಗಡಿಯ ಬೋರ್ಡು ತಪ್ಪಿದೆ ಎಂದು ಅಂಗಡಿಯವನ ಜೊತೆ ವಾದಕ್ಕೆ ನಿಂತು ಔಷಧಿ ತರುವುದನ್ನೇ ಮರೆತು ಬಂದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದಕ್ಕೆಲ್ಲ ಈ ಚಟವೇ ಕಾರಣ.

ಅಕ್ಕ ಅದೇ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದಳು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಅವಳು ಮದುವೆಯಾಗಲಿಲ್ಲ, ನಾನು ಆಗಿಯೂ ವಾಪಸ್ಸು ಬಂದೆ. ಅವಳ ತರಗತಿಯಲ್ಲಿ ಎರಡು ಗುಂಪು ಮಕ್ಕಳಿದ್ದರು. ಒಂದು ಗುಂಪು ಇಂಗ್ಲಿಷಿನಲ್ಲಿ ಓದುವವರು, ಇನ್ನೊಂದು ಕನ್ನಡದಲ್ಲಿ ಓದುವವರು. ಪ್ರಯೋಗಾಲಯದ ಕೈಪಿಡಿ ಮಾತ್ರ ಇಬ್ಬರಿಗೂ ಇಂಗ್ಲಿಷಿನದೇ. ಕನ್ನಡ ಗುಂಪಿನ ಮಕ್ಕಳು ಅದನ್ನು ಒಂದಕ್ಷರ ಅರ್ಥವಾಗದೆ ಉರು ಹೊಡೆದು ಬಂದು ಬ್ಯುರೆಟ್ ಎಂಬ ಗೀಟು ಹಾಕಿದ ಗಾಜಿನ ಕೊಳವೆಯ ಮುಂದೆ ಕಲ್ಲಿನ ಹಾಗೆ ನಿಲ್ಲುತ್ತಿದ್ದರಂತೆ. ಅದನ್ನು ನೋಡಿ ನೋಡಿ ಸಾಕಾಗಿ, ಕೈಪಿಡಿಯನ್ನು ತಾನೇ ಕನ್ನಡಕ್ಕೆ ತರುತ್ತೇನೆಂದು ಅಕ್ಕ ಹೊರಟಳು. ಭಾಷೆ ತಿದ್ದುವ ಕೆಲಸ ನನಗೆ ಬಂತು.

ಊಟದ ಮೇಜಿನ ಮೇಲೆ ದಿನಾ ಜಗಳ.

"ಟೈಟ್ರೇಶನ್‌ಗೆ ಅನುಮಾಪನ ಅಂತ ಚೆನ್ನಾಗಿರೋ ಪದ ಇದೆಯಲ್ಲೇ" ಎಂದು ನಾನು.

"ಅನುಮಾಪನ ಅಂದ್ರೆ ನನ್ನ ಮಕ್ಕಳಿಗೆ ಅನುಮಾನ ಬರುತ್ತೆ ಅಷ್ಟೆ. ಟೈಟ್ರೇಶನ್ ಅಂತಾನೇ ಇರಲಿ."

"ಶಂಕುಪಾತ್ರೆ?"

"ಅದು ಇರ್ಲಿ. ನೋಡಿದ್ರೆ ಗೊತ್ತಾಗುತ್ತೆ."

ಪ್ರಮಾಣಿತ ದ್ರಾವಣ ಎಂಬುದನ್ನು ಒಪ್ಪಿಕೊಂಡಳು. ಎಷ್ಟು ನೀರಿನಲ್ಲಿ ಎಷ್ಟು ಪದಾರ್ಥ ಕರಗಿದೆ ಎಂದು ಕರಾರುವಾಕ್ಕಾಗಿ ಗೊತ್ತಿರುವ ದ್ರಾವಣ ಅದು. ಅದನ್ನು ನಂಬಿ ಇನ್ನೊಂದು ದ್ರಾವಣ ಎಷ್ಟು ಗಟ್ಟಿ ಎಂದು ಕಂಡುಹಿಡಿಯುವುದು ಟೈಟ್ರೇಶನ್. ನಂಬಿದ್ದೇ ತಪ್ಪಾದರೆ ಆಮೇಲಿನ ಲೆಕ್ಕವೆಲ್ಲ ತಪ್ಪು. ಇಷ್ಟು ನನಗೂ ಅವಳೇ ಕಲಿಸಿದಳು. ಇದಕ್ಕಿಂತ ಹೆಚ್ಚು ನನ್ನ ತಲೆಗೆ ಹೋಗಲಿಲ್ಲ.

ಮುಕ್ಕಾಲು ಪುಸ್ತಕ ಮುಗಿದಾಗ ಅವಳಿಗೆ ಕಾಯಿಲೆ ಎಂದು ಗೊತ್ತಾಯಿತು. ಉಳಿದದ್ದನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದಳು. ಅಕ್ಷರ ಕೆಟ್ಟಿತು. ಸಾಲುಗಳು ಹಾಳೆಯ ಬಲಗಡೆಗೆ ಹೋಗುತ್ತಾ ಕೆಳಗೆ ಜಾರುತ್ತಿದ್ದವು. ನೋವಿಗೆ ಕೊಡುವ ಔಷಧಿಯಿಂದ ಮಂಪರು ಬರಬಹುದು, ಏನೇನೋ ಮಾತಾಡಬಹುದು, ಗಾಬರಿಯಾಗಬೇಡಿ ಎಂದು ನರ್ಸಮ್ಮ ನನಗೆ ಹೇಳಿದ್ದರು. ಒಂದು ದಿನ ಅಕ್ಕ ನನ್ನನ್ನು ನೋಡಿ ಅಮ್ಮನ ಸೀರೆ ಯಾಕೆ ಉಟ್ಟುಕೊಂಡು ಬಂದೆ ಅಂದಳು. ನಾನು ಉಟ್ಟದ್ದು ನನ್ನದೇ ಸೀರೆ. ಅಂದಿನಿಂದ ಅವಳು ಹೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುವುದನ್ನು ಕಲಿತೆ.

ಅವಳು ಹೋದಳು. ನಾನು ಅಳಲಿಲ್ಲ. ಬಂದವರೆಲ್ಲ ಅತ್ತುಬಿಡಮ್ಮ, ಹಗುರಾಗುತ್ತೆ ಅಂದರು. ಬರದಿದ್ದರೆ ಏನು ಮಾಡುವುದು? ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಡುತ್ತಾರಲ್ಲ, ಆಗ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿಕೊಂಡರೂ ಬೇರೆಯವರ ಕೆನ್ನೆಯ ಹಾಗಿರುತ್ತದೆ. ನನಗೆ ಇಡೀ ಮೈ ಹಾಗಿತ್ತು. ಹತ್ತನೆಯ ದಿನ ಕಾಲೇಜಿಗೆ ಹೋಗಿ ಸಂಧಿ ಪಾಠ ಮಾಡಿದೆ. ಉದಾಹರಣೆ ಒಂದೂ ತಪ್ಪಲಿಲ್ಲ.

ಅದೇ ವಾರ ಪ್ರೆಸ್ಸಿನವನು ಕೊನೆಯ ಅಧ್ಯಾಯ ಕೇಳಿದ. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂತೆ. ಎದುರಿನ ಕುರ್ಚಿಯಲ್ಲಿ ಜಗಳಕ್ಕೆ ಯಾರೂ ಇರಲಿಲ್ಲ, ಕೆಲಸ ಬೇಗ ಬೇಗ ಸಾಗಿತು. ಆಕ್ಸಾಲಿಕ್ ಆಮ್ಲದ ಪ್ರಮಾಣಿತ ದ್ರಾವಣ ತಯಾರಿಸುವ ವಿಧಾನದಲ್ಲಿ ಒಂದು ಸಾಲು ಹೀಗಿತ್ತು: ಬೀಕರು, ಗಾಜಿನ ಕಡ್ಡಿ, ಆಲಿಕೆಗಳನ್ನು ಸ್ವಲ್ಪ ಸ್ವಲ್ಪ ನೀರಿನಿಂದ ಮೂರು ಸಲ ತೊಳೆದು, ತೊಳೆದ ನೀರನ್ನು ಫ್ಲಾಸ್ಕಿಗೇ ಸೇರಿಸಿ.

ಪೆನ್ನು ನಿಂತಿತು. ತೊಳೆದ ನೀರನ್ನು ಯಾರಾದರೂ ವಾಪಸ್ಸು ಪಾತ್ರೆಗೆ ಹಾಕುತ್ತಾರೆಯೇ? ಪಾಪ, ಇಷ್ಟು ಹೊತ್ತಿಗೆ ತಲೆ ಪೂರ್ತಿ ಹೋಗಿತ್ತು ಅಂದುಕೊಂಡೆ. ನನಗೆ ಮರುಕ ಕೂಡ ಬಂತು. ಇಂಗ್ಲಿಷ್ ಪುಸ್ತಕ ಅವಳ ಚೀಲದಲ್ಲೇ ಇತ್ತು, ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅದನ್ನು ಮುಟ್ಟುವ ಮನಸ್ಸಾಗಲಿಲ್ಲ. 'ಫ್ಲಾಸ್ಕಿಗೇ ಸೇರಿಸಿ' ಎಂಬುದನ್ನು ಹೊಡೆದು ಹಾಕಿ ಮೇಲೆ 'ಚೆಲ್ಲಿ' ಎಂದು ಬರೆದೆ. ಅಕ್ಕನ ಮಾನ ಉಳಿಸಿದೆ ಅನ್ನಿಸಿತು. ಎರಡು ತಿಂಗಳಲ್ಲಿ ಪುಸ್ತಕ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಅನುವಾದಕಿ ಎಂದು ಅವಳೊಬ್ಬಳ ಹೆಸರಿತ್ತು.

ಇದು ಆದದ್ದು ಹೋದ ವರ್ಷ. ಈ ವರ್ಷದ ಪ್ರಾಯೋಗಿಕ ಪರೀಕ್ಷೆಯ ಎರಡನೆಯ ದಿನ, ನಾನು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಗಾಜಪ್ಪ ಬಂದ. ಅವನು ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮೂವತ್ತು ವರ್ಷ ಗಾಜು ತೊಳೆದು ಗಾಜಪ್ಪ ಆಗಿದ್ದಾನೆ.

"ಕನ್ನಡ ಮೇಡಂ, ಹೆಡ್ ಸಾರ್ ಕರೀತಿದಾರೆ. ಲ್ಯಾಬಿಗೇ ಬರ್ಬೇಕಂತೆ."

"ನನಗೇನು ಕೆಲಸ ಅಲ್ಲಿ?"

"ಬನ್ನಿ ಮೇಡಂ. ಪುಸ್ತಕದ ವಿಷ್ಯ" ಎಂದು ನನ್ನ ಮುಖ ನೋಡದೆ ಹೇಳಿದ.

ಪ್ರಯೋಗಾಲಯದ ಹೊರಗೆ ಕಾರಿಡಾರಿನಲ್ಲಿ ಕನ್ನಡ ಗುಂಪಿನ ಮಕ್ಕಳು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಮೂವತ್ತನಾಲ್ಕು ಜನ. ನನ್ನ ಕ್ಲಾಸಿನಲ್ಲಿ ಬಾಯಿ ಮುಚ್ಚದವರೆಲ್ಲ ಆವತ್ತು ನೆಲ ನೋಡುತ್ತಿದ್ದರು. ಒಬ್ಬಳು ಎದ್ದು ನಿಂತು ನಮಸ್ಕಾರ ಮೇಡಂ ಅಂದಳು, ಮತ್ತೆ ಕೂತಳು.

ಒಳಗೆ ವಿಭಾಗದ ಹೆಡ್ ಇದ್ದರು, ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಇದ್ದರು. ಹೆಡ್ ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಕಾಗದ ಬಂದರೆ ಓದುವ ಮೊದಲೇ ಬೆವರುವವರು. ಪರೀಕ್ಷಕಿ ನನ್ನ ವಯಸ್ಸಿನ ಹೆಂಗಸು, ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿದ್ದರು. ಅವರೇ ವಿಷಯ ಹೇಳಿದರು.

ಮಕ್ಕಳು ತಲಾ ಒಂದೂವರೆ ಗ್ರಾಂ ಚಿಲ್ಲರೆ ಆಕ್ಸಾಲಿಕ್ ಆಮ್ಲ ತೂಗಿ, ಇನ್ನೂರೈವತ್ತು ಮಿಲಿಲೀಟರ್ ಪ್ರಮಾಣಿತ ದ್ರಾವಣ ಮಾಡಬೇಕು. ಅದರಲ್ಲಿ ಇಪ್ಪತ್ತೈದು ಮಿಲಿ ಶಂಕುಪಾತ್ರೆಗೆ ತೆಗೆದುಕೊಂಡು, ಪರೀಕ್ಷಕರು ಕೊಟ್ಟ ಕ್ಷಾರವನ್ನು ಬ್ಯುರೆಟ್ಟಿನಿಂದ ಹನಿ ಹನಿ ಬಿಟ್ಟು, ತಿಳಿ ಗುಲಾಬಿ ಬಣ್ಣ ಬಂದು ನಿಂತಲ್ಲಿ ನಿಲ್ಲಿಸಿ ಎಷ್ಟು ಖರ್ಚಾಯಿತೆಂದು ಓದಬೇಕು. ಆ ದಿನ ಬರಬೇಕಾದದ್ದು ಇಪ್ಪತ್ತೈದು ಮಿಲಿ. ಬ್ಯುರೆಟ್ಟಿನ ಒಂದು ಗೀಟು ಅಂದರೆ ಮಿಲಿಯ ಹತ್ತನೇ ಒಂದು ಪಾಲು. ಹಿಂದೆ ಮುಂದೆ ಎರಡು ಗೀಟಿನೊಳಗಿದ್ದರೆ ಪೂರ್ತಿ ಅಂಕ, ನಾಲ್ಕರೊಳಗಿದ್ದರೆ ಅರ್ಧ, ಅದರಾಚೆ ಸೊನ್ನೆ. ಇಂಗ್ಲಿಷ್ ಗುಂಪಿನವರಿಗೆ ಸರಿಯಾಗಿ ಬಂದಿದೆ. ಕನ್ನಡ ಗುಂಪಿನವರಿಗೆ ಇಪ್ಪತ್ನಾಲ್ಕೂವರೆ. ಇಲ್ಲವೇ ಅದಕ್ಕೆ ಒಂದು ಗೀಟು ಮೇಲೆ, ಒಂದು ಗೀಟು ಕೆಳಗೆ. ಮೂವತ್ತನಾಲ್ಕು ಜನಕ್ಕೂ ಅಷ್ಟೇ.

"ನಕಲು ಅಂತ ಬರೆಯೋದರಲ್ಲಿದ್ದೆ" ಅಂದರು ಪರೀಕ್ಷಕಿ. "ಹಾಗೆ ಬರೆದಿದ್ರೆ ಅಷ್ಟೂ ಮಕ್ಕಳಿಗೆ ಈ ವರ್ಷ ಹೋಗ್ತಿತ್ತು. ಆದ್ರೆ ಕೈ ತಪ್ಪಿದ್ರೆ ಒಬ್ಬರಿಗಾದ್ರೂ ಜಾಸ್ತಿ ಬರಬೇಕು. ಎಲ್ಲರದ್ದೂ ಕಮ್ಮಿನೇ. ಒಬ್ಬೊಬ್ಬರೂ ಮೂರು ಸಲ ಮಾಡಿದಾರೆ, ಮೂರು ಸಲವೂ ಒಂದೇ ಬಂದಿದೆ. ಅಷ್ಟು ಅಚ್ಚುಕಟ್ಟು ಕೈ ಇರೋರಿಗೆ ಉತ್ತರ ಯಾಕೆ ತಪ್ಪಿತು? ಅದಕ್ಕೆ ಒಂದು ಹುಡುಗಿನ ಕರೆದು ನನ್ನ ಎದುರಿಗೆ ಮತ್ತೆ ಮಾಡು ಅಂದೆ."

ಹುಡುಗಿ ಆಮ್ಲ ತೂಗಿದಳಂತೆ, ಬೀಕರಿನಲ್ಲಿ ಕರಗಿಸಿದಳಂತೆ, ಆಲಿಕೆ ಇಟ್ಟು ಫ್ಲಾಸ್ಕಿಗೆ ಸುರಿದಳಂತೆ. ಬೀಕರು ಮೂರು ಸಲ ತೊಳೆದು ಮೂರು ಸಲವೂ ನೀರನ್ನು ಸಿಂಕಿಗೆ ಚೆಲ್ಲಿದಳಂತೆ. ಯಾಕಮ್ಮಾ ಚೆಲ್ಲಿದೆ ಎಂದು ಕೇಳಿದರೆ, ಪುಸ್ತಕದಲ್ಲಿದೆ ಮೇಡಂ ಅಂದಳಂತೆ. ಪುಟದ ಸಂಖ್ಯೆ ಸಮೇತ ಆ ಸಾಲನ್ನು ಒಪ್ಪಿಸಿದಳಂತೆ.

ಮೇಜಿನ ಮೇಲೆ ಕೈಪಿಡಿ ತೆರೆದಿತ್ತು. ನಾನು ಬಗ್ಗಿ ನೋಡಿದೆ. ತೊಳೆದ ನೀರನ್ನು ಚೆಲ್ಲಿ. ವ್ಯಾಕರಣದ ತಪ್ಪೇನೂ ಇರಲಿಲ್ಲ.

"ಚೆಲ್ಲದೆ ಇನ್ನೇನು ಮಾಡಬೇಕು?" ಎಂದು ಕೇಳಿದೆ. ಆ ಕ್ಷಣದವರೆಗೂ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪರೀಕ್ಷಕಿ ಗಾಜಪ್ಪನ ಕಡೆ ನೋಡಿದರು. ಅವನು ಒಂದು ಬೀಕರಿನಲ್ಲಿ ಆಮ್ಲದ ಬಿಳಿ ಹರಳು ಹಾಕಿ, ಐವತ್ತು ಮಿಲಿಯಷ್ಟು ನೀರಿನಲ್ಲಿ ಕಲಕಿ ಕರಗಿಸಿ, ಗಾಜಿನ ಕಡ್ಡಿಯ ಗುಂಟ ಫ್ಲಾಸ್ಕಿಗೆ ಇಳಿಸಿದ. ಬೀಕರನ್ನು ನನ್ನ ಕೈಗೆ ಕೊಟ್ಟ.

"ಏನಾದ್ರೂ ಉಳಿದಿದೆಯಾ ಮೇಡಂ?"

"ಖಾಲಿ ಇದೆ. ಒದ್ದೆ ಅಷ್ಟೆ."

ಅವನು ನೀರಿನ ಪಿಚಕಾರಿ ಬಾಟಲಿಯಿಂದ ಬೀಕರಿನ ಒಳಗೋಡೆ, ಕಡ್ಡಿ, ಆಲಿಕೆ ಎಲ್ಲ ತೊಳೆದು ಆ ನೀರನ್ನು ಒಂದು ಶಂಕುಪಾತ್ರೆಯಲ್ಲಿ ಹಿಡಿದ. ನೋಡಲು ಬರೀ ನೀರು. ಅದಕ್ಕೆ ಬಣ್ಣ ತೋರಿಸುವ ಸೂಚಕ ಎರಡು ಹನಿ ಹಾಕಿ ಬ್ಯುರೆಟ್ಟಿನ ಕೆಳಗಿಟ್ಟು ಕ್ಷಾರ ಬಿಡತೊಡಗಿದ. ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಮೂಡುತ್ತಿತ್ತು, ಪಾತ್ರೆ ತಿರುಗಿಸಿದರೆ ಹೋಗುತ್ತಿತ್ತು. ಮತ್ತೆ ಹನಿ, ಮತ್ತೆ ಬಣ್ಣ, ಮತ್ತೆ ಏನೂ ಇಲ್ಲ. ಆಮ್ಲ ಇದ್ದಷ್ಟು ಹೊತ್ತು ಬಣ್ಣ ನಿಲ್ಲುವುದಿಲ್ಲ ಎಂದು ಪರೀಕ್ಷಕಿ ಪಕ್ಕದಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಬರೀ ನೀರಾಗಿದ್ದರೆ ಮೊದಲ ಹನಿಗೇ ನಿಲ್ಲಬೇಕಿತ್ತು. ಅದು ನಿಂತದ್ದು ಬ್ಯುರೆಟ್ಟು ಐದು ಮಿಲಿ ಇಳಿದ ಮೇಲೆ.

"ಇಷ್ಟು ಆಮ್ಲ ಸಿಂಕಿಗೆ ಹೋಗ್ತಿತ್ತು" ಅಂದ ಗಾಜಪ್ಪ. "ನೂರರಲ್ಲಿ ಎರಡು ಪಾಲು. ಅದಕ್ಕೇ ಅರ್ಧ ಮಿಲಿ ಕಮ್ಮಿ ಬಂದಿದ್ದು. ವರ್ಷವೆಲ್ಲ ದ್ರಾವಣ ನಾನೇ ಮಾಡಿಡ್ತಿದ್ದೆ ಮೇಡಂ, ಮಕ್ಕಳು ಬರೀ ಟೈಟ್ರೇಶನ್ ಮಾಡೋರು. ಅಮ್ಮಾವ್ರ ಜಾಗಕ್ಕೆ ಬಂದ ಹಂಗಾಮಿ ಮೇಡಂ ಒಂದೇ ಒಂದು ಕ್ಲಾಸು ಈ ತಯಾರಿ ಮಾಡಿಸಿದ್ರು, ಬಂದ ಉತ್ತರಾನೇ ಬರೆಸಿದ್ರು. ನಾನು ಪುಸ್ತಕ ಓದಿದ್ದಿದ್ರೆ ಗೊತ್ತಾಗ್ತಿತ್ತು. ನಾನೆಲ್ಲಿ ಪುಸ್ತಕ ಓದ್ತೀನಿ."

ಆ ಪಾತ್ರೆಯನ್ನು ನೋಡುತ್ತಾ ನಿಂತೆ. ತಿಳಿ ಗುಲಾಬಿ. ಅಕ್ಕ ಸರಿಯಾಗಿಯೇ ಬರೆದಿದ್ದಳು ಎಂಬ ವಿಷಯ ನನ್ನೊಳಗೆ ಇಳಿಯಿತು. ಇಳಿದು ಸುಮ್ಮನೆ ಕೂತಿತು.

ಹೆಡ್ ಗಂಟಲು ಸರಿ ಮಾಡಿಕೊಂಡರು. "ಎಕ್ಸಾಮಿನರ್ ಮೇಡಂ ಒಳ್ಳೆಯವರು, ನಾಳೆ ಬೆಳಿಗ್ಗೆ ಮಕ್ಕಳಿಗೆ ಮರುಪರೀಕ್ಷೆ ಮಾಡೋಕೆ ಒಪ್ಪಿದಾರೆ. ಆದ್ರೆ ಯಾಕೆ ಅಂತ ಪರೀಕ್ಷಾ ಮಂಡಳಿಗೆ ಇವತ್ತು ಸಂಜೆಯೊಳಗೆ ಬರೆದು ಕಳಿಸಬೇಕು. ಪುಸ್ತಕದ ತಪ್ಪು ಅಂತ ಬರೆದ್ರೆ ಯಾರ ತಪ್ಪು ಅಂತ ಕೇಳ್ತಾರೆ. ಅಷ್ಟು ವರ್ಷ ಪಾಠ ಮಾಡಿದೋರು ಇಂಥಾ ಸಾಲು ಬರೀತಾರೆ ಅಂದ್ರೆ ಯಾರೂ ನಂಬಲ್ಲ. ಮಕ್ಕಳನ್ನ ಉಳಿಸೋಕೆ ನಾವೇ ಕಥೆ ಕಟ್ಟಿದೀವಿ ಅಂದುಕೊಳ್ತಾರೆ. ಅದಕ್ಕೆ..."

"ಅದಕ್ಕೆ?"

"ಅಕ್ಕನವರಿಗೆ ಕೊನೆಕೊನೆಗೆ ಔಷಧಿಯಿಂದ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ನೀವೊಂದು ನಾಲ್ಕು ಸಾಲು ಬರೆದುಕೊಡಿ. ಒಡಹುಟ್ಟಿದೋರು, ಜೊತೆಯಲ್ಲಿದ್ದೋರು. ನೀವು ಬರೆದ್ರೆ ಮುಗೀತು. ಈಗ ಅವರಿಗೇನೂ ಆಗಬೇಕಾಗಿಲ್ಲವಲ್ಲ. ಯಾರಿಗೂ ತೊಂದ್ರೆ ಇಲ್ಲ."

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಕ್ಕಳು ಉಳಿಯುತ್ತಾರೆ, ಹೆಡ್ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಹೋಗುವುದು ಅಕ್ಕನ ಹೆಸರೊಂದೇ. ಇಪ್ಪತ್ತೊಂಬತ್ತು ವರ್ಷ ಕಲಿಸಿದವಳು ಪ್ರಮಾಣಿತ ದ್ರಾವಣ ಮಾಡುವುದನ್ನೇ ತಪ್ಪಾಗಿ ಬರೆದಳು, ಪಾಪ ತಲೆ ಕೆಟ್ಟಿತ್ತು ಎಂದು ಮಂಡಳಿಯ ಕಡತದಲ್ಲಿ ಇರುತ್ತದೆ. ನನ್ನ ಸಹಿಯ ಮೇಲೆ ಇರುತ್ತದೆ.

"ಆ ಸಾಲು ನಾನು ತಿದ್ದಿದ್ದು" ಅಂದೆ.

ಹೆಡ್ ಕೈ ಮುಗಿಯುವ ಹಾಗೆ ಮಾಡಿದರು. "ಹಾಗೆಲ್ಲ ಮೈಮೇಲೆ ಎಳ್ಕೋಬೇಡಿ ಮೇಡಂ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಭಾಷೆಯೋರು ವಿಜ್ಞಾನದ ಸಾಲು ಬದಲಾಯಿಸಿದ್ರು ಅಂದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ, ಗೊತ್ತಾ? ಸುಮ್ಮನೆ ಅಕ್ಕನ ಮೇಲಿನ ಪ್ರೀತಿಗೆ ಹೇಳಿದ್ರೆ ಅವರು ಕೇಳಲ್ಲ."

"ಹಸ್ತಪ್ರತಿ ಮನೇಲಿದೆ. ತರ್ತೀನಿ."

"ನಾಲ್ಕು ಗಂಟೆಯೊಳಗೆ ಬನ್ನಿ" ಅಂದರು ಪರೀಕ್ಷಕಿ. ಅವರು ಮಾತ್ರ ನನ್ನನ್ನು ನೇರವಾಗಿ ನೋಡುತ್ತಿದ್ದರು.

ಮನೆ ಕಾಲೇಜಿಗೆ ಇಪ್ಪತ್ತು ನಿಮಿಷದ ದಾರಿ. ಬಿಸಿಲಿತ್ತು. ಇಸ್ತ್ರಿ ಅಂಗಡಿಯವನು ಬಟ್ಟೆ ಸಿದ್ಧವಾಗಿದೆ ಅಕ್ಕಾ ಅಂದ, ಆಮೇಲೆ ಬರ್ತೀನಿ ಅಂದೆ. ಕಾಗದದ ಕಟ್ಟು ಅಡಿಗೆಮನೆಯ ಮೇಲಿನ ಗೂಡಿನಲ್ಲಿ ಹಳೆಯ ಕುಕ್ಕರಿನ ಪೆಟ್ಟಿಗೆಯಲ್ಲಿತ್ತು. ಸ್ಟೂಲು ಹತ್ತಿ ಇಳಿಸಿದೆ.

ಸುಳ್ಳು ಯಾಕೆ ಹೇಳಲಿ, ಆ ಹಾಳೆ ಕೈಗೆ ಸಿಕ್ಕಾಗ ಎದುರಿಗೆ ಗ್ಯಾಸ್ ಒಲೆ ಇತ್ತು. ಹಸ್ತಪ್ರತಿ ಸಿಗಲಿಲ್ಲ ಅಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಹೆಡ್ಡಿಗೆ ಸಮಾಧಾನವೇ ಆಗುತ್ತಿತ್ತು. ಹಾಳೆ ಹಿಡಿದು ಒಲೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಯಾರದೋ ಮನೆಯ ಅಡಿಗೆಮನೆಯಲ್ಲಿ ಯಾರೋ ನಿಂತ ಹಾಗಿತ್ತು. ಆಮೇಲೆ ಅಭ್ಯಾಸಬಲದಿಂದ ಓದತೊಡಗಿದೆ. ಅಕ್ಷರ ಕಂಡರೆ ಓದದೇ ಇರಲಾರೆ.

ಜಾರುವ ಅಕ್ಷರಗಳ ಮೇಲೆ ನನ್ನ ಕೆಂಪು ಗೀಟು ನೆಟ್ಟಗೆ ಎಳೆದಂತಿತ್ತು. ಗೀಟಿನ ಕೆಳಗೆ ಅಕ್ಕನ ಪದ ಕಾಣುತ್ತಿತ್ತು. ಫ್ಲಾಸ್ಕಿಗೇ. 'ಫ್ಲಾಸ್ಕಿಗೆ' ಅಲ್ಲ, 'ಫ್ಲಾಸ್ಕಿಗೇ'. ಕೊನೆಯಲ್ಲಿ ದೀರ್ಘ. ಆ ದೀರ್ಘವನ್ನು ಕೈ ನಡುಗುತ್ತಿದ್ದರೂ ಎರಡು ಸಲ ತೀಡಿ ಬರೆದಿದ್ದಳು.

ನಾನು ಇಪ್ಪತ್ತನಾಲ್ಕು ವರ್ಷದಿಂದ ಮಕ್ಕಳಿಗೆ ಅವಧಾರಣೆ ಎಂದು ಕಲಿಸುವುದು ಇದನ್ನೇ. ಪದದ ಕೊನೆಗೆ ಒಂದು 'ಏ' ಸೇರಿದರೆ ಇದೇ, ಬೇರೆಯಲ್ಲ ಎಂದು ಒತ್ತಿ ಹೇಳಿದಂತೆ. ಅವನೇ ಬಂದ ಅಂದರೆ ಇನ್ನೊಬ್ಬನಲ್ಲ. ಓದುವವರು ತೊಳೆದ ನೀರನ್ನು ಚೆಲ್ಲಿಬಿಡುತ್ತಾರೆ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಅಲ್ಲಿ ಆ 'ಏ' ಹಾಕುತ್ತಾರೆ. ಮಂಪರಿನಲ್ಲಿದ್ದವರಿಗೆ ಅದು ಹೊಳೆಯುವುದಿಲ್ಲ. ಅವಳು ನನ್ನಂಥವರಿಗಾಗಿಯೇ ಅದನ್ನು ಬರೆದಿದ್ದಳು. ನಾನು ಓದಿದೆ, ಹೊಡೆದು ಹಾಕಿದೆ.

ಆಗ ಇನ್ನೊಂದು ನೆನಪಾಯಿತು. ನೆನಪಾಯಿತು ಅನ್ನುವುದೂ ತಪ್ಪು, ಮರೆತಿರಲಿಲ್ಲ. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಹಾಳೆಗಳನ್ನು ಬರೆದ ವಾರವೇ ಡಾಕ್ಟರು ನನ್ನನ್ನು ಹೊರಗೆ ಕರೆದು, ಇಲ್ಲಿ ಮಾಡುವುದೇನೂ ಉಳಿದಿಲ್ಲ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೋಡಿ, ಇಲ್ಲವೇ ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಒಳಗೆ ಬಂದು ಅಕ್ಕನಿಗೆ ದೊಡ್ಡ ಆಸ್ಪತ್ರೆಯ ವಿಷಯ ಹೇಳಿದೆ.

"ಬೇಡ ಕಣೇ. ಮನೆಗೇ ಕರ್ಕೊಂಡು ಹೋಗು" ಅಂದಳು.

"ಹೂಂ ಹೂಂ, ಹೋಗೋಣ."

"ಹೂಂಗುಟ್ಟಬೇಡ. ಇನ್ನೊಂದು ಆಸ್ಪತ್ರೆಗಲ್ಲ. ಮನೆಗೇ."

ಮಧ್ಯಾಹ್ನ ಹಾಗೆ ಹೇಳಿದಳು. ಸಂಜೆ ಇನ್ನೊಮ್ಮೆ ಹೇಳಿದಳು. ಮಾರನೆಯ ದಿನ ಸ್ಟ್ರೆಚರ್ ತಂದಾಗ ನನ್ನ ಮಣಿಕಟ್ಟು ಹಿಡಿದು ಮತ್ತೆ ಹೇಳಿದಳು. ಸ್ಟ್ರೆಚರಿನವರು ನನ್ನ ಮುಖ ನೋಡಿದರು. ನಾನು ಅವರಿಗೆ ಹೇಳಿದ್ದು ನೆನಪಿದೆ: "ಔಷಧಿ ಮಂಪರು. ಏನೇನೋ ಮಾತಾಡ್ತಾಳೆ, ನೀವು ಎತ್ತಿ." ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಗಾಜಿನ ಆಚೆ ಇದ್ದಳು. ದಿನಕ್ಕೆ ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಬಾಯಿಗೆ ಕೊಳವೆ ಹಾಕಿದ್ದರಿಂದ ಮತ್ತೆ ಏನೂ ಹೇಳಲಿಲ್ಲ.

ಒಲೆಯ ಕಟ್ಟೆಯನ್ನು ಹಿಡಿದುಕೊಂಡೆ. ಅಳು ಈಗಲಾದರೂ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಒಂದು ಲೋಟ ನೀರು ಕುಡಿದೆ. ಹಾಳೆಯನ್ನು ಮಡಚದೆ ಒಂದು ಪುಸ್ತಕದ ನಡುವೆ ಇಟ್ಟುಕೊಂಡು ಹೊರಟೆ.

ಮೂರು ಗಂಟೆಗೆ ಪ್ರಯೋಗಾಲಯದಲ್ಲಿದ್ದೆ. ಮಕ್ಕಳು ಇನ್ನೂ ಕಾರಿಡಾರಿನಲ್ಲೇ ಇದ್ದರು, ಯಾರೂ ಊಟಕ್ಕೆ ಹೋದಂತಿರಲಿಲ್ಲ. ಹಾಳೆಯನ್ನು ಪರೀಕ್ಷಕಿಯ ಮುಂದಿಟ್ಟೆ. ಅವರು ಕೆಂಪು ಶಾಯಿ ನೋಡಿದರು. ನನ್ನ ಬೆರಳಿನ ಸಂದಿಯ ಕೆಂಪು ಕಲೆ ನೋಡಿದರು, ಅದು ಬೆಳಿಗ್ಗೆ ಉತ್ತರ ಪತ್ರಿಕೆ ತಿದ್ದಿದ್ದು. ಗಾಜಪ್ಪ ಬಗ್ಗಿ ಅಕ್ಕನ ಅಕ್ಷರ ನೋಡಿದ.

"ಅಮ್ಮಾವ್ರು ಸರಿಯಾಗೇ ಬರೆದಿದಾರಲ್ಲ" ಅಂದ. ಕೈಯಲ್ಲಿದ್ದ ಬಟ್ಟೆಯಿಂದ ಒಣಗಿದ ಬೀಕರನ್ನೇ ಮತ್ತೆ ಒರೆಸತೊಡಗಿದ.

ಹೆಡ್ ಒಂದು ಬಿಳಿ ಹಾಳೆ ಕೊಟ್ಟರು. ನಿಂತೇ ಬರೆದೆ. ಕೈಪಿಡಿಯ ಇಂಥ ಪುಟದ ಇಂಥ ಸಾಲನ್ನು ವಿಷಯ ತಿಳಿಯದೆ, ಯಾರನ್ನೂ ಕೇಳದೆ, ಮೂಲವನ್ನೂ ನೋಡದೆ ಬದಲಾಯಿಸಿದವಳು ನಾನು. ವಿದ್ಯಾರ್ಥಿಗಳು ಪುಸ್ತಕದಲ್ಲಿದ್ದಂತೆಯೇ ಮಾಡಿದ್ದಾರೆ, ಅವರದು ತಪ್ಪಿಲ್ಲ. ಅನುವಾದಕಿ ಬರೆದದ್ದು ಸರಿಯಾಗಿತ್ತು. ಇಷ್ಟಕ್ಕೆ ಮುಗಿಸಬಹುದಿತ್ತು.

ಆದರೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ಮಾತು ಆ ಕೋಣೆಯಲ್ಲಿ ಆಗಲೇ ಆಡಿ ಆಗಿತ್ತು. ಅದನ್ನು ನಂಬಿದವರಲ್ಲಿ ನಾನೇ ಮೊದಲನೆಯವಳು. ಪೆನ್ನು ಎತ್ತಿಕೊಂಡು ಇನ್ನೊಂದು ಸಾಲು ಸೇರಿಸಿದೆ: ಅವರ ಬುದ್ಧಿ ಕೊನೆಯವರೆಗೂ ಸ್ಪಷ್ಟವಾಗಿತ್ತು. ಅಕ್ಕ ಹೋದ ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಅಕ್ಷರ ಕೆಟ್ಟಿತು. ಆ ಸಾಲಿನಿಂದ ಅಕ್ಕನ ಹೆಸರು ಉಳಿಯುತ್ತದೆ, ನಾನು ಉಳಿಯುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು. ವಿಚಾರಣೆಯ ಮಾತಲ್ಲ. ಅದನ್ನು ಹೇಗೋ ಎದುರಿಸಬಹುದು.

ಹೆಡ್ ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಮೇಡಂ, ಈ ಕೊನೇ ಸಾಲು ಬೇಕಾ? ತಪ್ಪು ನಿಮ್ಮದು ಅಂತ ಬರೆದಾಯ್ತಲ್ಲ. ಇದಿಲ್ಲದಿದ್ರೂ ನಡೆಯುತ್ತೆ."

"ಬೇಕು ಸಾರ್."

"ನೀವೇ ಆಗ ಹೇಳ್ತಿದ್ರಿ ನನಗೆ, ಆಸ್ಪತ್ರೆಗೆ ನೋಡೋಕೆ ಬಂದಾಗ. ಅಕ್ಕನಿಗೆ ಏನೂ ಗೊತ್ತಾಗ್ತಿಲ್ಲ, ಮಾತಾಡಿಸಬೇಡಿ ಅಂತ. ನಾನು ಹೊರಗಿಂದಾನೇ ನೋಡ್ಕೊಂಡು ವಾಪಸ್ ಹೋದೆ."

"ಹೌದು, ಹೇಳಿದ್ದೆ."

ಪರೀಕ್ಷಕಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮೊಹರು ಹಾಕಿದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳನ್ನು ಕರೆಯಿರಿ ಎಂದು ಗಾಜಪ್ಪನಿಗೆ ಹೇಳಿದರು. ಅವನು ಬಾಗಿಲು ತೆಗೆದು ಹೊರಗೆ ಹೋದ. ಕಾರಿಡಾರಿನಲ್ಲಿ ಒಮ್ಮೆಲೇ ಮಾತು ಎದ್ದಿತು, ಯಾರೋ ನಕ್ಕರು, ಯಾರೋ ಅತ್ತರು.

ಹೆಡ್ ಇನ್ನೂ ನನ್ನನ್ನೇ ನೋಡುತ್ತಿದ್ದರು. "ಹಾಗಾದ್ರೆ ಅವರಿಗೆ ಎಲ್ಲಾ ಗೊತ್ತಾಗ್ತಿತ್ತಾ?"

"ಎಲ್ಲಾ ಗೊತ್ತಾಗ್ತಿತ್ತು ಸಾರ್" ಅಂದೆ. "ನನಗೆ ಮೂರು ಸಲ ಹೇಳಿದ್ಲು."